ಅಟೆಂಡೆನ್ಸ್ ಶಾರ್ಟೇಜ್ ಬಂದಾಗ ಏನು ಮಾಡಬೇಕು: ಲೆಕ್ಕದಿಂದ ಕಂಡೋನೇಶನ್ ರಸೀದಿಯವರೆಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲೂ ಶಾರ್ಟೇಜ್ ಪಟ್ಟಿ ಬೀಳುತ್ತದೆ. ಅದರಲ್ಲಿ ಹೆಸರು ಕಂಡವರು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಗೊತ್ತಿರುವ ಡಾಕ್ಟರ ಹತ್ತಿರ ಹೋಗಿ ಒಂದು ಮೆಡಿಕಲ್ ಸರ್ಟಿಫಿಕೇಟ್ ಬರೆಸುತ್ತಾರೆ. ಆಮೇಲೆ ಕೊರತೆಯನ್ನು ಮನ್ನಾ ಮಾಡಿಸಿಕೊಳ್ಳಲು ಆಫೀಸಿಗೆ ಬಂದು "ಕಂಡೋನೇಶನ್ ಫೀ ಎಷ್ಟು ಕಟ್ಟಬೇಕು ಸರ್?" ಎಂದು ಕೇಳುತ್ತಾರೆ. ನಿಜವಾಗಿ ಕಾಯಿಲೆ ಬಿದ್ದಿದ್ದವರ ಅರ್ಜಿಯೂ ಹೀಗೆ ಮಾಡಿದ್ದಕ್ಕೇ ವಾಪಸ್ ಬರುತ್ತದೆ.

ಫೀ ಕಟ್ಟುವುದು ಈ ಕೆಲಸದ ಕೊನೆಯ ಹೆಜ್ಜೆ. ಸರ್ಟಿಫಿಕೇಟ್ ಬರುವುದು ಮಧ್ಯದಲ್ಲಿ. ಮೊದಲು ಮಾಡಬೇಕಾದದ್ದು ಲೆಕ್ಕ, ಮತ್ತು ಆ ಲೆಕ್ಕದಲ್ಲಿರುವ ತಪ್ಪುಗಳನ್ನು ಸರಿ ಮಾಡಿಸುವುದು. ಇಲ್ಲಿ ಡಿಗ್ರಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಡೀ ಕ್ರಮವನ್ನು ಬರೆದಿದ್ದೇನೆ. ಜೊತೆಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ತೆಗೆದುಕೊಂಡು ಹೋಗಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದವು

ನಿಮ್ಮ ಸ್ಕೀಮಿನ ನಿಯಮಾವಳಿ ಬೇಕು. ವೆಬ್‌ಸೈಟಿನಲ್ಲಿ ಹಲವು ವರ್ಷಗಳ ನಿಯಮಾವಳಿ ಒಟ್ಟಿಗೆ ಇರುತ್ತವೆ. ನೀವು ಅಡ್ಮಿಶನ್ ಆದ ವರ್ಷಕ್ಕೆ ಅನ್ವಯಿಸುವುದನ್ನೇ ತೆಗೆದುಕೊಳ್ಳಿ, ಸೀನಿಯರ್ ಕಳಿಸಿದ ಪಿಡಿಎಫ್ ಬೇಡ. ವಿಷಯವಾರು ಅಟೆಂಡೆನ್ಸಿನ ಪ್ರಿಂಟ್ ಬೇಕು. ಬರೀ ಪರ್ಸೆಂಟೇಜ್ ಇರುವ ಪ್ರಿಂಟ್ ಸಾಲದು, ಯಾವ ತಾರೀಖಿನಂದು ಪ್ರೆಸೆಂಟ್, ಯಾವತ್ತು ಆಬ್ಸೆಂಟ್ ಎಂದು ತೋರಿಸುವಂಥದ್ದು ಬೇಕು. ಟೈಮ್‌ಟೇಬಲ್ ಮತ್ತು ಕಾಲೇಜಿನ ಕ್ಯಾಲೆಂಡರ್ ಕೂಡ ಪಕ್ಕದಲ್ಲಿರಲಿ, ಕೊನೆಯ ಕೆಲಸದ ದಿನ ಯಾವುದು ಎಂಬುದು ಅದರಲ್ಲಿ ಇರುತ್ತದೆ.

## ಹಂತ 1: ನಿಮಗೆ ಅನ್ವಯಿಸುವ ಗೆರೆ ಯಾವುದು ಎಂದು ಹುಡುಕಿ

ಎಲ್ಲರೂ 75% ಎನ್ನುತ್ತಾರೆ, ಆದರೆ ಎಲ್ಲರಿಗೂ 75% ಇಲ್ಲ. ನಿಯಮಾವಳಿಯಲ್ಲಿ ಎರಡು ಸಂಖ್ಯೆಗಳನ್ನು ಹುಡುಕಬೇಕು. ಒಂದು ಮೇಲಿನ ಗೆರೆ: ಅದನ್ನು ದಾಟಿದರೆ ಯಾರನ್ನೂ ಕೇಳದೆ ಪರೀಕ್ಷೆಗೆ ಕೂರಬಹುದು. ಇನ್ನೊಂದು ಕೆಳಗಿನ ಗೆರೆ: ಅದಕ್ಕಿಂತ ಕೆಳಗೆ ಹೋದರೆ ಕಂಡೋನೇಶನ್ ಕೂಡ ಸಿಗುವುದಿಲ್ಲ. ಮನ್ನಾ ಎಂಬುದು ಈ ಎರಡರ ನಡುವಿನ ಜಾಗಕ್ಕೆ ಮಾತ್ರ.

ವಿಟಿಯು ಎಂಜಿನಿಯರಿಂಗ್‌ನಲ್ಲಿ ಪ್ರತಿ ವಿಷಯಕ್ಕೂ 85% ಬೇಕು. ತಕ್ಕ ಕಾರಣ ಮತ್ತು ದಾಖಲೆ ಇದ್ದರೆ 10% ತನಕದ ಕೊರತೆಯನ್ನು ಮನ್ನಾ ಮಾಡಲು ಅವಕಾಶ ಇದೆ. ಅಂದರೆ ಅಲ್ಲಿ 75% ಎಂಬುದು ಕೆಳಗಿನ ಗೆರೆ. ಇದನ್ನೇ ಮೇಲಿನ ಗೆರೆ ಅಂದುಕೊಂಡು "ನಂದು 76 ಇದೆ, ತೊಂದರೆ ಇಲ್ಲ" ಎಂದು ಸುಮ್ಮನಿದ್ದವರು ಸಿಕ್ಕಿಬೀಳುತ್ತಾರೆ. ಹೈದರಾಬಾದಿನ ಜೆಎನ್‌ಟಿಯುನಲ್ಲಿ ಬೇರೆ ರೀತಿ: ಸೆಮಿಸ್ಟರಿನ ಎಲ್ಲ ವಿಷಯ ಸೇರಿಸಿ 75% ಬೇಕು, 65ರಿಂದ 75ರ ನಡುವೆ ಇದ್ದವರು ಕಾರಣ ತೋರಿಸಿ, ಫೀ ಕಟ್ಟಿ ಮನ್ನಾ ಪಡೆಯಬಹುದು, 65ಕ್ಕಿಂತ ಕೆಳಗಿದ್ದವರು ಡಿಟೇನ್, ಅಂದರೆ ಪರೀಕ್ಷೆಗೆ ಕೂರುವಂತಿಲ್ಲ. ಕಾನೂನು ಓದುವವರಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಂತೆ ಪ್ರತಿ ವಿಷಯದಲ್ಲಿ 70% ಬೇಕು. ಅಸಾಧಾರಣ ಕಾರಣ ಇದ್ದರೆ, ಆ ವಿಷಯದಲ್ಲಿ 65% ಮತ್ತು ಒಟ್ಟಾರೆ 70% ಇರುವವರಿಗೆ ಅವಕಾಶ ಕೊಡಬಹುದು.

ಇಲ್ಲಿ ಗಮನಿಸಬೇಕಾದದ್ದು ಸಂಖ್ಯೆಗಿಂತ ಜಾಸ್ತಿ ಲೆಕ್ಕದ ರೀತಿ. ವಿಷಯವಾರು ಲೆಕ್ಕ ಇರುವ ಕಡೆ ಐದು ವಿಷಯದಲ್ಲಿ 95% ಇದ್ದು ಆರನೆಯದರಲ್ಲಿ ಕಡಿಮೆ ಇದ್ದರೂ ಆ ಆರನೆಯದು ಹೋಗುತ್ತದೆ. ಒಟ್ಟು ಲೆಕ್ಕ ಇರುವ ಕಡೆ ಒಂದು ವಿಷಯದ ಕೊರತೆಯನ್ನು ಉಳಿದವು ತುಂಬಿಕೊಡುತ್ತವೆ, ಆದರೆ ಒಟ್ಟು ಬಿದ್ದರೆ ಇಡೀ ಸೆಮಿಸ್ಟರೇ ಹೋಗುತ್ತದೆ. ಲ್ಯಾಬಿಗೆ ಬೇರೆ ಲೆಕ್ಕವೇ ಎಂಬುದನ್ನೂ ನೋಡಿ. ಮೆಡಿಕಲ್, ಫಾರ್ಮಸಿ ತರಹದ ಕೋರ್ಸ್‌ಗಳಲ್ಲಿ ಥಿಯರಿ ಮತ್ತು ಪ್ರಾಕ್ಟಿಕಲ್ ಎರಡನ್ನೂ ಪ್ರತ್ಯೇಕವಾಗಿ ನೋಡುತ್ತಾರೆ.

ಇದೇ ಪುಟಗಳಲ್ಲಿ ಇನ್ನೊಂದು ಸಾಲು ಇರಬಹುದು: ಇಡೀ ಕೋರ್ಸಿಗೆ ಎಷ್ಟು ಸಲ ಮನ್ನಾ ಪಡೆಯಬಹುದು ಎಂಬುದು. ಕೆಲವು ವಿಶ್ವವಿದ್ಯಾಲಯಗಳು ಇದಕ್ಕೆ ಮಿತಿ ಹಾಕಿವೆ. ಹಿಂದಿನ ವರ್ಷ ಒಮ್ಮೆ ಬಳಸಿದ್ದೀರಿ ಎಂದರೆ ಈಗ ಅರ್ಜಿ ಹಾಕುವ ಮೊದಲು ಆ ಸಾಲನ್ನು ಓದಲೇಬೇಕು.

## ಹಂತ 2: ವಿಷಯವಾರು ಲೆಕ್ಕ ಹಾಕಿ

ಆ್ಯಪ್ ತೋರಿಸುವ ಪರ್ಸೆಂಟೇಜ್ ನೋಡಿ ನಿಲ್ಲಬೇಡಿ. ಪ್ರತಿ ವಿಷಯಕ್ಕೂ ಎರಡು ಸಂಖ್ಯೆ ಬರೆದುಕೊಳ್ಳಿ: ನಡೆದ ಕ್ಲಾಸ್ ಎಷ್ಟು, ನೀವು ಹೋದ ಕ್ಲಾಸ್ ಎಷ್ಟು. ಇನ್ನು ಎಷ್ಟು ಕ್ಲಾಸ್‌ಗೆ ಸತತವಾಗಿ ಹೋದರೆ ಗೆರೆ ಮುಟ್ಟಬಹುದು ಎಂಬುದಕ್ಕೆ ಒಂದು ಸುಲಭ ಸೂತ್ರ ಇದೆ:

```
ಬೇಕಾದ ಕ್ಲಾಸ್ = (ಗೆರೆ × ನಡೆದದ್ದು − 100 × ಹೋದದ್ದು) ÷ (100 − ಗೆರೆ)
```

ನಮ್ಮ ಉದಾಹರಣೆಯನ್ನು ಇಲ್ಲಿ ಶುರು ಮಾಡೋಣ. ಒಬ್ಬ ವಿದ್ಯಾರ್ಥಿನಿ. ವಿಷಯವಾರು ಲೆಕ್ಕ, ಮೇಲಿನ ಗೆರೆ 75, ಕೆಳಗಿನ ಗೆರೆ 65. ಮಾರ್ಚಿನಲ್ಲಿ ಡೆಂಗಿ ಬಂದು ಕ್ಲಾಸ್ ತಪ್ಪಿದವು. ಒಂದು ವಿಷಯ ಬಿಟ್ಟು ಉಳಿದೆಲ್ಲ 75 ದಾಟಿವೆ. ಆ ಒಂದು ವಿಷಯದಲ್ಲಿ 48 ಕ್ಲಾಸ್ ನಡೆದಿವೆ, 30ಕ್ಕೆ ಹೋಗಿದ್ದಾಳೆ. 62.5%. ಸೆಮಿಸ್ಟರ್ ಮುಗಿಯಲು ಇನ್ನು 4 ಕ್ಲಾಸ್ ಮಾತ್ರ ಉಳಿದಿವೆ.

ಸೂತ್ರಕ್ಕೆ ಹಾಕಿದರೆ 75 × 48 ಅಂದರೆ 3600. ಅದರಿಂದ 3000 ಕಳೆದರೆ 600. ಅದನ್ನು 25ರಿಂದ ಭಾಗಿಸಿದರೆ 24. ಇಪ್ಪತ್ತನಾಲ್ಕು ಕ್ಲಾಸ್ ಬೇಕು, ಇರುವುದು ನಾಲ್ಕು. ಹೋಗಿ ಕೂತು ಸರಿ ಮಾಡುವ ದಾರಿ ಮುಚ್ಚಿದೆ. ಇನ್ನೂ ಕಷ್ಟ ಏನೆಂದರೆ 62.5 ಎಂಬುದು ಕೆಳಗಿನ ಗೆರೆಗಿಂತ ಕೆಳಗಿದೆ. ಈ ಸ್ಥಿತಿಯಲ್ಲೇ ಅರ್ಜಿ ಕೊಟ್ಟಿದ್ದರೆ ಸರ್ಟಿಫಿಕೇಟ್ ನೋಡುವ ಮೊದಲೇ ಗುಮಾಸ್ತರು ಅದನ್ನು ಪಕ್ಕಕ್ಕೆ ಇಡುತ್ತಿದ್ದರು.

ಹೆಚ್ಚಿನವರು ಇಲ್ಲಿಗೆ ಕೈಚೆಲ್ಲುತ್ತಾರೆ. ಕೈಚೆಲ್ಲಬಾರದು, ಯಾಕೆಂದರೆ ಈ 30 ಎಂಬ ಸಂಖ್ಯೆಯೇ ಇನ್ನೂ ಅಂತಿಮವಲ್ಲ.

## ಹಂತ 3: ಆಬ್ಸೆಂಟ್ ದಿನಗಳನ್ನು ನಾಲ್ಕು ಗುಂಪು ಮಾಡಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದೇ. ತಾರೀಖು ಇರುವ ಪ್ರಿಂಟ್ ಎದುರಿಗೆ ಇಟ್ಟುಕೊಂಡು ಪ್ರತಿ ಆಬ್ಸೆಂಟ್ ಪಕ್ಕದಲ್ಲೂ ಕಾರಣ ಬರೆಯಿರಿ. ಅವು ನಾಲ್ಕು ಬಗೆ ಆಗುತ್ತವೆ.

ಮೊದಲನೆಯದು ತಪ್ಪಾಗಿ ಬಿದ್ದ ಆಬ್ಸೆಂಟ್. ನೀವು ಕ್ಲಾಸಿನಲ್ಲಿ ಇದ್ದಿರಿ, ಹಾಜರಿ ಬಿದ್ದಿಲ್ಲ. ಸೆಕ್ಷನ್ ಬದಲಾದ ವಾರ, ಇಬ್ಬರು ಮೇಷ್ಟ್ರು ಕ್ಲಾಸ್ ಅದಲುಬದಲು ಮಾಡಿಕೊಂಡ ದಿನ, ಶನಿವಾರದ ಎಕ್ಸ್‌ಟ್ರಾ ಕ್ಲಾಸ್, ತಡವಾಗಿ ಅಡ್ಮಿಶನ್ ಆದವರಿಗೆ ಅಡ್ಮಿಶನ್‌ಗೂ ಮುಂಚಿನ ದಿನಗಳು: ತಪ್ಪು ಸಿಗುವುದು ಹೆಚ್ಚಾಗಿ ಇಲ್ಲೇ. ಇದನ್ನು ತಿದ್ದುವ ಅಧಿಕಾರ ಆ ವಿಷಯದ ಮೇಷ್ಟ್ರಿಗೆ ಇರುತ್ತದೆ. ಆದರೆ ಹಾಜರಿ ಲಾಕ್ ಆದ ಮೇಲೆ ಅವರ ಕೈಯಲ್ಲೂ ಏನೂ ಇರುವುದಿಲ್ಲ. ಅದಕ್ಕೇ ಬೇಗ ಹೋಗಬೇಕು. ಹೋಗುವಾಗ ಆ ದಿನದ ನೋಟ್ಸ್, ಲ್ಯಾಬ್ ರೆಕಾರ್ಡಿನ ಸಹಿ, ಅವತ್ತೇ ಕೊಟ್ಟ ಅಸೈನ್‌ಮೆಂಟ್ ಏನಾದರೂ ಒಂದು ತೋರಿಸಿ.

ಎರಡನೆಯದು ಕಾಲೇಜಿನ ಕೆಲಸಕ್ಕೇ ಹೋದ ದಿನಗಳು, ಅಂದರೆ ಆನ್ ಡ್ಯೂಟಿ ಅಥವಾ ಓಡಿ. ವಿಶ್ವವಿದ್ಯಾಲಯದ ಕ್ರೀಡಾಕೂಟ, ಎನ್‌ಎಸ್‌ಎಸ್ ಅಥವಾ ಎನ್‌ಸಿಸಿ ಕ್ಯಾಂಪ್, ಕಾಲೇಜೇ ಕಳಿಸಿದ ಸ್ಪರ್ಧೆ. ಇದಕ್ಕೆ ಎರಡು ಕಾಗದ ಬೇಕು: ಹೋಗುವ ಮೊದಲು ಕೊಟ್ಟ ಅನುಮತಿ ಪತ್ರ, ಮುಗಿಸಿ ಬಂದ ಮೇಲೆ ಸಿಕ್ಕ ಭಾಗವಹಿಸಿದ ಪ್ರಮಾಣಪತ್ರ. ಪ್ರಮಾಣಪತ್ರ ಒಂದೇ ಇದ್ದರೆ "ಯಾರು ಕಳಿಸಿದ್ದು?" ಎಂಬ ಪ್ರಶ್ನೆ ಬರುತ್ತದೆ. ಪಿಇ ಸರ್ ಅಥವಾ ಎನ್‌ಎಸ್‌ಎಸ್ ಅಧಿಕಾರಿಯಿಂದ ಹೆಸರು, ತಾರೀಖು ಇರುವ ಪಟ್ಟಿಗೆ ಸಹಿ ಮಾಡಿಸಿಕೊಂಡರೆ ಕೆಲಸ ಸಲೀಸು.

ಮೂರನೆಯದು ಕಾಯಿಲೆಯ ದಿನಗಳು. ನಾಲ್ಕನೆಯದು ಯಾವ ಕಾಗದವೂ ಇಲ್ಲದ ದಿನಗಳು. ಮದುವೆ, ಊರಿನ ಹಬ್ಬ, ಬಸ್ ತಪ್ಪಿದ್ದು, ಸುಮ್ನೆ ಹೋಗದೆ ಇದ್ದದ್ದು ಎಲ್ಲ ಇದರಲ್ಲಿ. ಈ ನಾಲ್ಕನೆಯ ಗುಂಪನ್ನು ಮೂರನೆಯದರೊಳಗೆ ತುರುಕಬೇಡಿ. ಅರ್ಜಿಗಳು ಹಾಳಾಗುವುದೇ ಅಲ್ಲಿ.

ನಮ್ಮ ವಿದ್ಯಾರ್ಥಿನಿಯ 18 ಆಬ್ಸೆಂಟ್ ಹೀಗೆ ಒಡೆದವು: ತಪ್ಪಾಗಿ ಬಿದ್ದದ್ದು 1, ಕಬಡ್ಡಿ ಪಂದ್ಯಕ್ಕೆ ಹೋದದ್ದು 2, ಡೆಂಗಿ 11, ಕಾಗದ ಇಲ್ಲದ್ದು 4. ತಪ್ಪಾಗಿ ಬಿದ್ದದ್ದನ್ನು ಸರಿ ಮಾಡಿಸಿದ ಮೇಲೆ 48ಕ್ಕೆ 31, ಅಂದರೆ 64.58%. ಇದು 65 ಅಲ್ಲ. ರೌಂಡ್ ಮಾಡಿ 65 ಎಂದು ಹಿಡಿದುಕೊಳ್ಳುತ್ತಾರೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ನಿಯಮಾವಳಿಯಲ್ಲಿ ರೌಂಡ್ ಮಾಡಬಹುದು ಎಂದು ಬರೆದಿರದಿದ್ದರೆ ಅರ್ಧ ಪರ್ಸೆಂಟ್ ಕೂಡ ಕೊರತೆಯೇ. ಓಡಿಯ 2 ಕ್ಲಾಸ್ ಸೇರಿದ ಮೇಲೆ 33 ಆಯಿತು, 68.75%. ಈಗ ಅವಳು ಎರಡು ಗೆರೆಗಳ ನಡುವೆ ಬಂದಳು. ಡಾಕ್ಟರ ಕಾಗದ ಇನ್ನೂ ಹೊರಗೇ ತೆಗೆದಿಲ್ಲ, ಅಷ್ಟರಲ್ಲೇ ಡಿಟೇನ್ ತಪ್ಪಿತು.

ಓಡಿಯನ್ನು ಲೆಕ್ಕಕ್ಕೆ ಹಿಡಿಯುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಕಡೆ ಹೋದ ಕ್ಲಾಸ್‌ಗೆ ಕೂಡಿಸುತ್ತಾರೆ, ಕೆಲವು ಕಡೆ ನಡೆದ ಕ್ಲಾಸ್‌ನಿಂದ ಕಳೆಯುತ್ತಾರೆ. ಕಳೆದರೆ 46ಕ್ಕೆ 31, ಅಂದರೆ 67.39%. ವ್ಯತ್ಯಾಸ ಸಣ್ಣದು, ಆದರೆ ಗೆರೆಯ ಅಂಚಿನಲ್ಲಿ ಇರುವವರಿಗೆ ಅದೇ ದೊಡ್ಡದು. ನಿಮ್ಮ ವಿಭಾಗದಲ್ಲಿ ಯಾವ ರೀತಿ ಎಂದು ಕೇಳಿಕೊಳ್ಳಿ.

ಉಳಿದ 4 ಕ್ಲಾಸ್‌ಗಳಿಗೂ ಅವಳು ಹೋಗಲೇಬೇಕು. ಹೋದರೆ 52ಕ್ಕೆ 37, ಅಂದರೆ 71.15%. ಬೇಕಾದದ್ದು 39. ಮನ್ನಾ ಕೇಳಬೇಕಾಗಿರುವುದು ಎರಡೇ ಎರಡು ಕ್ಲಾಸ್‌ಗೆ. ಕೊರತೆ ಕಡಿಮೆಯಾದಷ್ಟೂ ಶಿಫಾರಸು ಮಾಡುವವರಿಗೂ ಸುಲಭ. ಅರ್ಜಿ ಕೊಟ್ಟಾಯಿತು ಎಂದು ಕೊನೆಯ ವಾರ ಕ್ಲಾಸ್ ಬಿಡುವವರು ತಮ್ಮ ಅರ್ಜಿಯನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

## ಹಂತ 4: ಮೆಡಿಕಲ್ ಕಾಗದಗಳನ್ನು ಜೋಡಿಸಿ

ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಆ ದಿನಗಳಿಗೆ ಪ್ರೆಸೆಂಟ್ ಬೀಳುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆಬ್ಸೆಂಟ್ ಆಬ್ಸೆಂಟೇ ಆಗಿ ಉಳಿಯುತ್ತದೆ. ಕೊರತೆಯನ್ನು ಮನ್ನಾ ಮಾಡಲು ಒಂದು ಒಪ್ಪಬಹುದಾದ ಕಾರಣ ಇದೆ ಎಂದು ಸರ್ಟಿಫಿಕೇಟ್ ಹೇಳುತ್ತದೆ, ಅಷ್ಟೇ. ಅದಕ್ಕೇ ಕೆಳಗಿನ ಗೆರೆಗಿಂತ ಕೆಳಗಿರುವವರಿಗೆ ಎಷ್ಟೇ ಗಟ್ಟಿಯಾದ ಸರ್ಟಿಫಿಕೇಟ್ ಇದ್ದರೂ ಅದು ಅಲ್ಲಿ ಕೆಲಸ ಮಾಡುವುದಿಲ್ಲ.

ಸರ್ಟಿಫಿಕೇಟಿನಲ್ಲಿ ಏನಿರಬೇಕು ಎಂಬುದಕ್ಕೆ ಡಾಕ್ಟರುಗಳ ನಡವಳಿಕೆಯ 2002ರ ನಿಯಮಗಳಲ್ಲೇ ಒಂದು ನಮೂನೆ ಇದೆ. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಮೈಮೇಲಿನ ಗುರುತು, ಕಾಯಿಲೆ ಏನು, ಯಾವ ತಾರೀಖಿನಿಂದ ಎಷ್ಟು ದಿನ ವಿಶ್ರಾಂತಿ ಬೇಕು, ಡಾಕ್ಟರ ಸಹಿ. ಡಾಕ್ಟರ ನೋಂದಣಿ ಸಂಖ್ಯೆಯೂ ಇರಬೇಕು. ಕೊಟ್ಟ ಸರ್ಟಿಫಿಕೇಟ್‌ಗಳ ರಿಜಿಸ್ಟರ್ ಇಡಬೇಕು, ಪ್ರತಿಯೊಂದರ ನಕಲು ಇಟ್ಟುಕೊಳ್ಳಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಕಾಲೇಜಿನವರಿಗೆ ಅನುಮಾನ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳುವುದು ಈ ರಿಜಿಸ್ಟರನ್ನೇ. ಪರಿಚಯದ ಮೇಲೆ ಬರೆಸಿಕೊಂಡ ಕಾಗದ ಅಲ್ಲಿ ಇರುವುದಿಲ್ಲ.

ಸರ್ಟಿಫಿಕೇಟ್ ಒಂಟಿಯಾಗಿ ಹೋಗಬಾರದು. ಅದರ ಹಿಂದೆ ಮೊದಲ ದಿನದ ಓಪಿಡಿ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟ್, ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮರಿ, ಔಷಧಿಯ ಬಿಲ್ ಇರಲಿ. ಕೊನೆಗೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಈಗ ಹುಷಾರಾಗಿದ್ದಾರೆ, ಕ್ಲಾಸಿಗೆ ಹೋಗಬಹುದು ಎಂಬ ಕಾಗದ. ಇದನ್ನು ಮರೆಯುವವರೇ ಜಾಸ್ತಿ. ಅದಿಲ್ಲದೆ ಕಾಯಿಲೆ ಯಾವತ್ತು ಮುಗಿಯಿತು ಎಂಬುದಕ್ಕೆ ಆಧಾರ ಇರುವುದಿಲ್ಲ.

ಈಗ ತಾರೀಖುಗಳ ವಿಷಯಕ್ಕೆ ಬರೋಣ. ನಮ್ಮ ವಿದ್ಯಾರ್ಥಿನಿಗೆ ಜ್ವರ ಶುರುವಾದದ್ದು ಮಾರ್ಚ್ 3. ಡಾಕ್ಟರಿಗೆ ತೋರಿಸಿದ್ದು 4. ಅಡ್ಮಿಟ್ ಆದದ್ದು 6, ಡಿಸ್ಚಾರ್ಜ್ 11. ಆಮೇಲೆ 20ರವರೆಗೆ ವಿಶ್ರಾಂತಿ, 21ಕ್ಕೆ ಕಾಲೇಜು. ಡಾಕ್ಟರು ಸರ್ಟಿಫಿಕೇಟಿನಲ್ಲಿ 4ರಿಂದ 20 ಎಂದು ಬರೆದರು. 3ನೇ ತಾರೀಖು ಅದರಲ್ಲಿ ಇಲ್ಲ, ಯಾಕೆಂದರೆ ಅವತ್ತು ಅವರು ಅವಳನ್ನು ನೋಡಿಯೇ ಇಲ್ಲ. ಒಂದು ದಿನ ತಾನೇ, ಹಿಂದಕ್ಕೆ ಹಾಕಿಕೊಡಿ ಎಂದು ಒತ್ತಾಯ ಮಾಡಬಾರದು. ಓಪಿಡಿ ಚೀಟಿಯಲ್ಲಿ 4 ಇದ್ದು ಸರ್ಟಿಫಿಕೇಟಿನಲ್ಲಿ 3 ಇದ್ದರೆ, ನಿಜವಾದ ಹದಿನೇಳು ದಿನಗಳ ಮೇಲೂ ಅನುಮಾನ ಬೀಳುತ್ತದೆ. ಅವಳು 3ನೇ ತಾರೀಖಿನ ಕ್ಲಾಸನ್ನು ಕಾಗದ ಇಲ್ಲದ ನಾಲ್ಕರಲ್ಲಿ ಒಂದಾಗಿ ಎಣಿಸಿದ್ದಳು.

ಇನ್ನೊಂದು ತೊಡಕು ಮಾರ್ಚ್ 18. ಅವತ್ತು ಇಂಟರ್ನಲ್ಸ್ ಇತ್ತು. ವಿಶ್ರಾಂತಿಯಲ್ಲಿ ಇದ್ದರೂ ಅಪ್ಪನ ಜೊತೆ ಬಂದು ಬರೆದು ಹೋಗಿದ್ದಳು. ಪರಿಶೀಲಿಸುವವರು ಮೊದಲು ಹಿಡಿಯುವುದು ಇಂಥದ್ದನ್ನೇ: ಮಲಗಿರಬೇಕಾದ ದಿನ ಉತ್ತರಪತ್ರಿಕೆಯ ಮೇಲೆ ಸಹಿ ಇದೆಯಲ್ಲ? ಇದಕ್ಕೆ ಪರಿಹಾರ ಮುಚ್ಚಿಡುವುದರಲ್ಲಿ ಇಲ್ಲ. ಅರ್ಜಿಯಲ್ಲೇ ಒಂದು ಸಾಲು ಬರೆದುಬಿಡಿ. ನೀವಾಗಿ ಹೇಳಿದ ಸಂಗತಿ ವಿವರಣೆ ಆಗುತ್ತದೆ, ಅವರಾಗಿ ಕಂಡುಹಿಡಿದದ್ದು ಆರೋಪ ಆಗುತ್ತದೆ.

ಆ ದಿನಗಳಲ್ಲಿ ಗೆಳೆಯರು ಪ್ರಾಕ್ಸಿ ಹಾಕಿದ್ದರೆ ಅದು ಇದಕ್ಕಿಂತ ದೊಡ್ಡ ಅಪಾಯ. ಆಸ್ಪತ್ರೆಯಲ್ಲಿದ್ದ ದಿನ ಕ್ಲಾಸಿನಲ್ಲಿ ಪ್ರೆಸೆಂಟ್ ಇದ್ದರೆ ಎರಡರಲ್ಲಿ ಒಂದು ಸುಳ್ಳು ಎಂದಾಯಿತು. ಅಂಥ ಹಾಜರಿ ಇದೆಯೇ ಎಂದು ಅರ್ಜಿಗೆ ಮೊದಲೇ ನೋಡಿಕೊಳ್ಳಿ. ಇದ್ದರೆ ಮೇಷ್ಟ್ರಿಗೆ ಹೇಳಿ ತೆಗೆಸಿ, ಪರ್ಸೆಂಟೇಜ್ ಇಳಿದರೂ ಸರಿ.

ಕಾಗದ ಕಳೆದುಹೋಗಿದ್ದರೆ ಹೊಸದಾಗಿ ಸೃಷ್ಟಿಸಬೇಡಿ. ಅಡ್ಮಿಟ್ ಆದವರ ದಾಖಲೆಗಳನ್ನು ಡಾಕ್ಟರು ಮೂರು ವರ್ಷ ಇಟ್ಟುಕೊಳ್ಳಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮದಲ್ಲಿದೆ. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ, ಆಸ್ಪತ್ರೆ ನಿಮಗೆ ಕೊಟ್ಟ ಯುಹೆಚ್‌ಐಡಿ ಅಥವಾ ಐಪಿ ನಂಬರ್ ಹಾಕಿ. ರಕ್ತ ಪರೀಕ್ಷೆಯ ರಿಪೋರ್ಟನ್ನು ಲ್ಯಾಬಿನವರು ಸಾಮಾನ್ಯವಾಗಿ ಫೋನ್ ನಂಬರ್ ಹೇಳಿದರೆ ಮತ್ತೆ ತೆಗೆದುಕೊಡುತ್ತಾರೆ.

ಮಾನಸಿಕ ಆರೋಗ್ಯ, ಸ್ತ್ರೀರೋಗದಂಥ ಕಾರಣಗಳಿದ್ದಾಗ ವಿವರ ಎಲ್ಲರ ಕೈ ಹಾಯುವುದು ಬೇಡ ಅನ್ನಿಸುವುದು ಸಹಜ. ಅಂಥವರು ತಾರೀಖು ಮತ್ತು ವಿಶ್ರಾಂತಿಯ ಸಲಹೆ ಇರುವ ಸರ್ಟಿಫಿಕೇಟನ್ನು ಅರ್ಜಿಗೆ ಲಗತ್ತಿಸಿ, ಉಳಿದ ರಿಪೋರ್ಟುಗಳನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಿನ್ಸಿಪಾಲರಿಗೆ ನೇರವಾಗಿ ಕೊಡುತ್ತೇನೆ ಎಂದು ಕೇಳಿಕೊಳ್ಳಬಹುದು. ಇದಕ್ಕೆ ಸಂಕೋಚ ಬೇಡ.

ಯಾರ ಸರ್ಟಿಫಿಕೇಟ್ ಒಪ್ಪುತ್ತಾರೆ ಎಂಬುದನ್ನೂ ಮೊದಲೇ ಕೇಳಿ. ಕೆಲವು ಕಡೆ ಸರ್ಕಾರಿ ಆಸ್ಪತ್ರೆಯದ್ದೇ ಬೇಕು ಎನ್ನುತ್ತಾರೆ, ಅಥವಾ ಖಾಸಗಿಯವರದ್ದಕ್ಕೆ ಸರ್ಕಾರಿ ಡಾಕ್ಟರ ಮೇಲುಸಹಿ ಬೇಕಾಗುತ್ತದೆ.

## ಹಂತ 5: ಅರ್ಜಿ ಬರೆದು, ಸರಿಯಾದ ಮೆಟ್ಟಿಲು ಹತ್ತಿ

ಅರ್ಜಿ ಒಂದು ಪುಟ ದಾಟಬಾರದು. ಕಷ್ಟ ಹೇಳಿಕೊಳ್ಳುವುದಕ್ಕಿಂತ ಲೆಕ್ಕ ಹೇಳುವುದು ಮುಖ್ಯ. ಓದುವವರ ಮುಂದೆ ಅಂಥದ್ದೇ ದೊಡ್ಡ ಕಟ್ಟು ಇರುತ್ತದೆ. ನಮ್ಮ ಉದಾಹರಣೆಯ ಅರ್ಜಿಯ ಮುಖ್ಯ ಭಾಗ ಹೀಗಿರುತ್ತದೆ:

> ಮಾನ್ಯರೇ, ನಾನು ಡೆಂಗಿ ಜ್ವರದಿಂದ ಮಾರ್ಚ್ 4ರಿಂದ 20ರವರೆಗೆ ಚಿಕಿತ್ಸೆ ಮತ್ತು ವಿಶ್ರಾಂತಿಯಲ್ಲಿ ಇದ್ದೆ. ಮಾರ್ಚ್ 6ರಿಂದ 11ರವರೆಗೆ ಆಸ್ಪತ್ರೆಯಲ್ಲಿ ದಾಖಲಾಗಿದ್ದೆ. ಈ ಅವಧಿಯಲ್ಲಿ ಈ ವಿಷಯದ 11 ತರಗತಿಗಳು ತಪ್ಪಿವೆ. ಮಾರ್ಚ್ 18ರಂದು ಇಂಟರ್ನಲ್ ಪರೀಕ್ಷೆ ಬರೆಯಲು ಮಾತ್ರ ಬಂದಿದ್ದೆ. ತಿದ್ದುಪಡಿ ಮತ್ತು ಓಡಿ ಸೇರಿದ ನಂತರ ನನ್ನ ಹಾಜರಾತಿ 48ಕ್ಕೆ 33 (68.75%) ಇದೆ. ಉಳಿದ 4 ತರಗತಿಗಳಿಗೂ ಹಾಜರಾಗುತ್ತೇನೆ. ಕೊರತೆಯನ್ನು ಮನ್ನಾ ಮಾಡಿ ಪರೀಕ್ಷೆಗೆ ಅವಕಾಶ ಕೊಡಬೇಕೆಂದು ಕೋರುತ್ತೇನೆ. ದಾಖಲೆಗಳನ್ನು ಲಗತ್ತಿಸಿದ್ದೇನೆ.

ಕೆಳಗೆ ಯುಎಸ್‌ಎನ್ ಅಥವಾ ರಿಜಿಸ್ಟರ್ ನಂಬರ್, ಸೆಮಿಸ್ಟರ್, ವಿಷಯದ ಕೋಡ್, ಅಪ್ಪ ಅಥವಾ ಅಮ್ಮನ ಸಹಿ, ಲಗತ್ತುಗಳ ಪಟ್ಟಿ. ಹೆಸರಿನ ಇನಿಶಿಯಲ್ ಆಸ್ಪತ್ರೆಯ ಕಾಗದದಲ್ಲಿ ಒಂದು ತರಹ, ಕಾಲೇಜಿನಲ್ಲಿ ಒಂದು ತರಹ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿ, ಗುರುತಿನ ಚೀಟಿಯ ನಕಲು ಇಡಿ.

ಅರ್ಜಿ ಕ್ಲಾಸ್ ಟೀಚರ್ ಅಥವಾ ಮೆಂಟರ್, ಎಚ್‌ಒಡಿ, ಪ್ರಿನ್ಸಿಪಾಲ್ ಈ ಕ್ರಮದಲ್ಲಿ ಹೋಗಬೇಕು. ಅಲ್ಲಿಂದ ಮುಂದೆ, ಬೇಕಾದರೆ, ವಿಶ್ವವಿದ್ಯಾಲಯಕ್ಕೆ ಕಾಲೇಜೇ ಕಳಿಸುತ್ತದೆ. ನೇರವಾಗಿ ಪ್ರಿನ್ಸಿಪಾಲರ ಕೊಠಡಿಗೆ ಹೋದರೆ ಅವರು ಕೇಳುವುದು "ಎಚ್‌ಒಡಿ ಏನು ಬರೆದಿದ್ದಾರೆ?" ಎಂದೇ. ಪ್ರತಿಯೊಬ್ಬರ ಟಿಪ್ಪಣಿ ಅರ್ಜಿಯ ಮೇಲೆ ಬೀಳಲಿ. ಆಫೀಸಿಗೆ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಮನೆಗೆ ತನ್ನಿ. ಮೂಲ ಡಿಸ್ಚಾರ್ಜ್ ಸಮರಿಯನ್ನು ತೋರಿಸಿ ವಾಪಸ್ ಪಡೆಯಿರಿ, ನಕಲು ಕೊಡಿ.

ಸಮಯದ ಬಗ್ಗೆ ಒಂದು ಮಾತು. ಹುಷಾರಾಗಿ ಕಾಲೇಜಿಗೆ ಬಂದ ವಾರದಲ್ಲೇ ಸರ್ಟಿಫಿಕೇಟ್ ಕೊಟ್ಟಿದ್ದರೆ ಅದಕ್ಕೆ ಸಿಗುವ ಬೆಲೆಯೇ ಬೇರೆ. ಕೆಲವು ನಿಯಮಾವಳಿಗಳಲ್ಲಿ ಹಾಗೆ ಕೊಡುವುದು ಕಡ್ಡಾಯ. ಆಗ ಶಾರ್ಟೇಜ್ ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ, ಆದರೂ ಕೊಟ್ಟಿರಿ. ಮಾರ್ಚಿನ ಕಾಯಿಲೆಗೆ ಮೇ ತಿಂಗಳಲ್ಲಿ ಬರೆದ ಸರ್ಟಿಫಿಕೇಟ್ ನೋಡಿದ ಕೂಡಲೇ ಎದುರಿಗಿರುವವರ ಮುಖ ಗಂಟಾಗುತ್ತದೆ.

## ಹಂತ 6: ಕಂಡೋನೇಶನ್ ಫೀ ಕಟ್ಟುವುದು

ಫೀ ಎಷ್ಟು ಎಂಬುದು ಆಯಾ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಇರುತ್ತದೆ. ಕೆಲವು ಕಡೆ ಫೀಯೇ ಇಲ್ಲ, ಬರೀ ಆದೇಶ. ಕೆಲವು ಕಡೆ ಸೆಮಿಸ್ಟರಿಗೆ ಒಂದು ಮೊತ್ತ, ಕೆಲವು ಕಡೆ ವಿಷಯಕ್ಕೆ ಇಷ್ಟು ಎಂದು. ಆ ಸುತ್ತೋಲೆ ನೋಡದೆ ಬಾಯಿಮಾತಿನ ಮೊತ್ತ ಕಟ್ಟಬೇಡಿ.

ಕ್ರಮ ಹೀಗಿರಲಿ: ಮೊದಲು ಶಿಫಾರಸು, ಆಮೇಲೆ ಮನ್ನಾ ಪಟ್ಟಿಯಲ್ಲಿ ಹೆಸರು, ಆಮೇಲೆ ಹಣ. ಫೀ ಕಟ್ಟಿದ ಮಾತ್ರಕ್ಕೆ ಮನ್ನಾ ಸಿಕ್ಕಿತು ಎಂದಲ್ಲ. ಕೆಲವು ಕಡೆ ಅರ್ಜಿಯ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಹಾಗಿದ್ದರೆ ತಿರಸ್ಕಾರವಾದಾಗ ಹಣ ವಾಪಸ್ ಬರುತ್ತದೆಯೇ ಎಂದು ಕೇಳಿಕೊಂಡೇ ಕಟ್ಟಿ.

ಇದು ಪರೀಕ್ಷಾ ಶುಲ್ಕದಿಂದ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಒಂದನ್ನು ಕಟ್ಟಿ ಇನ್ನೊಂದರ ಕೊನೆಯ ದಿನ ತಪ್ಪಿಸಿಕೊಂಡವರು ಪ್ರತಿ ಸಲ ಇರುತ್ತಾರೆ. ಮನ್ನಾ ಆದೇಶಕ್ಕೆ ಕಾಯುತ್ತಾ ಪರೀಕ್ಷಾ ಅರ್ಜಿ ತುಂಬುವುದನ್ನು ನಿಲ್ಲಿಸಬೇಡಿ. ನಿಮ್ಮ ಹೆಸರು ತಡೆಹಿಡಿದಿದ್ದರೆ ಹೇಗೆ ತುಂಬಬೇಕು ಎಂದು ಪರೀಕ್ಷಾ ವಿಭಾಗದಲ್ಲಿ ಅವತ್ತೇ ಕೇಳಿ.

ರಸೀದಿಯ ಮೇಲೆ ಕಂಡೋನೇಶನ್ ಎಂಬ ಪದ, ಸೆಮಿಸ್ಟರ್ ಮತ್ತು ನಿಮ್ಮ ನಂಬರ್ ಇರಬೇಕು. "ಇತರೆ" ಎಂದಷ್ಟೇ ಇದ್ದರೆ ತಿದ್ದಿಸಿ. ಆನ್‌ಲೈನ್‌ನಲ್ಲಿ ಕಟ್ಟಿದರೆ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ.

## ಎಚ್ಚರಿಕೆಯ ಗುರುತುಗಳು

ಇಷ್ಟು ದುಡ್ಡು ಕೊಟ್ಟರೆ ಸರ್ಟಿಫಿಕೇಟ್, ಅಟೆಂಡೆನ್ಸ್ ಎರಡೂ ಸರಿ ಮಾಡಿಸುತ್ತೇನೆ ಎನ್ನುವವರು ಪ್ರತಿ ಕಾಲೇಜಿನ ಸುತ್ತಮುತ್ತ ಒಬ್ಬರಾದರೂ ಇರುತ್ತಾರೆ. ಅವರು ಕೊಡುವ ಸರ್ಟಿಫಿಕೇಟ್‌ಗಳಲ್ಲಿ ಒಂದೇ ಲೆಟರ್‌ಹೆಡ್, ಒಂದೇ ಕೈಬರಹ, ಒಂದೇ "ವೈರಲ್ ಫೀವರ್" ಇರುತ್ತದೆ. ಒಂದೇ ವಿಭಾಗದ ಹಲವು ಅರ್ಜಿಗಳಲ್ಲಿ ಅದು ಕಂಡ ಕೂಡಲೇ ಎಲ್ಲವೂ ಪರಿಶೀಲನೆಗೆ ಹೋಗುತ್ತವೆ. ನಕಲಿ ಸೀಲು ಮತ್ತು ಸಹಿ ಫೋರ್ಜರಿ. ಆಗ ಶಾರ್ಟೇಜ್ ಇದ್ದದ್ದು ಶಿಸ್ತುಕ್ರಮದ, ಪೊಲೀಸ್ ಕೇಸಿನ ವಿಷಯ ಆಗುತ್ತದೆ. ಸೆಮಿಸ್ಟರ್ ಹೋದರೆ ಮತ್ತೆ ಓದಬಹುದು, ಇದು ಕಡತದಲ್ಲಿ ಉಳಿಯುತ್ತದೆ.

ರಸೀದಿ ಇಲ್ಲದೆ ಫೀ ಕೇಳುವುದು, ವ್ಯಕ್ತಿಯ ಸ್ವಂತ ನಂಬರಿಗೆ ಹಣ ಹಾಕಿ ಎನ್ನುವುದು, ಕೆಳಗಿನ ಗೆರೆಗಿಂತ ಕೆಳಗಿರುವವರಿಗೂ "ಆಗುತ್ತೆ ಬಿಡಿ" ಎನ್ನುವುದು: ಈ ಮೂರರಲ್ಲಿ ಯಾವುದು ಕಂಡರೂ ಹಣ ಕೊಡದೆ ಪ್ರಿನ್ಸಿಪಾಲರ ಆಫೀಸಿನಲ್ಲಿ ವಿಚಾರಿಸಿ.

ಅರ್ಜಿ ಕೊಟ್ಟ ಮೇಲೆ ಮೌನವೂ ಒಂದು ಗುರುತೇ. ಕೊನೆಯ ಕೆಲಸದ ದಿನ ಹತ್ತಿರ ಬಂದರೂ ಅರ್ಜಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದರೆ ಅದು ಯಾವುದೋ ಮೇಜಿನ ಮೇಲೆ ಸಹಿ ಇಲ್ಲದೆ ಕೂತಿದೆ ಎಂದು ಅರ್ಥ. ಇನ್‌ವರ್ಡ್ ನಂಬರ್ ಹಿಡಿದುಕೊಂಡು ಹೋಗಿ ಕೇಳಿ.

## ಕೆಳಗಿನ ಗೆರೆಗಿಂತ ಕೆಳಗೇ ಉಳಿದರೆ

ತಿದ್ದುಪಡಿ, ಓಡಿ ಎಲ್ಲ ಸೇರಿಸಿದರೂ ಗೆರೆ ಮುಟ್ಟದಿದ್ದರೆ ಕಂಡೋನೇಶನ್ ಹಿಂದೆ ಓಡಾಡಿ ದಿನ ಕಳೆಯಬೇಡಿ. ಆಗ ಕೇಳಬೇಕಾದ ಪ್ರಶ್ನೆಗಳೇ ಬೇರೆ. ವಿಷಯವಾರು ಲೆಕ್ಕ ಇರುವ ಕಡೆ ಆ ಒಂದು ವಿಷಯಕ್ಕೆ ಮತ್ತೆ ನೋಂದಾಯಿಸಿಕೊಂಡು ಕ್ಲಾಸಿಗೆ ಹೋಗಬೇಕಾಗುತ್ತದೆ, ಉಳಿದ ವಿಷಯಗಳ ಪರೀಕ್ಷೆ ಬರೆಯಬಹುದೇ ಎಂದು ಬರವಣಿಗೆಯಲ್ಲಿ ಕೇಳಿ. ಒಟ್ಟು ಲೆಕ್ಕ ಇರುವ ಕಡೆ ರೀಅಡ್ಮಿಶನ್ ಯಾವಾಗ, ಯಾವ ಸ್ಕೀಮಿಗೆ ಎಂದು ಕೇಳಿ. ಸ್ಕೀಮ್ ಬದಲಾಗಿದ್ದರೆ ಹೆಚ್ಚುವರಿ ವಿಷಯ ಬರಬಹುದು. ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಎಜುಕೇಶನ್ ಲೋನ್ ಇದ್ದವರು ಅವುಗಳ ಮೇಲೆ ಏನು ಪರಿಣಾಮ ಎಂದು ಆಯಾ ಕಚೇರಿಯಲ್ಲಿ ಅದೇ ವಾರ ವಿಚಾರಿಸಿ.

ಮೆಡಿಕಲ್ ಕಾಗದಗಳನ್ನು ಆಗಲೂ ಎಸೆಯಬೇಡಿ. ವರ್ಷ ಯಾಕೆ ಹೋಯಿತು ಎಂದು ಮುಂದೆ ಬ್ಯಾಂಕಿನವರೋ ಕೆಲಸ ಕೊಡುವವರೋ ಕೇಳಿದಾಗ, ಇನ್‌ವರ್ಡ್ ಸೀಲು ಬಿದ್ದ ಆ ಅರ್ಜಿ ಮತ್ತು ಡಿಸ್ಚಾರ್ಜ್ ಸಮರಿಯನ್ನು ತೋರಿಸಬಹುದು.